ಕಿವಿಗೆ ಬೀಳುವ ಅಲಂಕಾರ

ಪ್ರೊಫೈಲಿನ ಹೆಸರಿಗೆ ಬಳ್ಳಿಯಂತೆ ಬಳುಕುವ ಅಕ್ಷರ, ಅದರ ಎರಡೂ ಬದಿಗೆ ಹೂವು ನಕ್ಷತ್ರ, ಕೆಳಗೊಂದು ದಪ್ಪ ಗೆರೆ, ಗೆರೆಯ ಕೆಳಗೆ ಸಾಲು ಇಮೋಜಿ. ಹೀಗೆ ಸಿಂಗರಿಸಿಕೊಂಡವರನ್ನು ‘ಕಣ್ಣು ಕಾಣದವರು ಇದನ್ನು ಹೇಗೆ ಓದಬೇಕು?’ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ‘ಅವರಿಗೆ ಈ ಅಲಂಕಾರ ಕಾಣುವುದಿಲ್ಲ, ಅಷ್ಟೇ ತಾನೆ? ವಿಷಯವನ್ನು ಫೋನು ಓದಿ ಹೇಳುತ್ತದಲ್ಲ.’ ಈ ಮಾತಿನಲ್ಲಿ ತಿರಸ್ಕಾರವಿಲ್ಲ. ಹೇಳುವವರು ಬಹುಪಾಲು ಒಳ್ಳೆಯ ಮನಸ್ಸಿನವರೇ. ಅವರ ನಂಬಿಕೆಯನ್ನು ನ್ಯಾಯವಾಗಿ ಮಂಡಿಸಬೇಕೆಂದರೆ ಹೀಗೆ ಹೇಳಬಹುದು. ಅಲಂಕಾರ ವಿಷಯದ ಮೇಲೆ ಹಾಕಿದ ಹೆಚ್ಚುವರಿ. ಅದನ್ನು ಕಾಣಲಾರದವರಿಗೆ ಹೆಚ್ಚುವರಿ ತಪ್ಪುತ್ತದೆಯೇ ಹೊರತು ವಿಷಯ ತಪ್ಪುವುದಿಲ್ಲ. ಪ್ರೊಫೈಲ್ ಎಂಬುದು ಸರ್ಕಾರಿ ಕಚೇರಿಯ ಅರ್ಜಿ ನಮೂನೆಯಲ್ಲ, ಒಬ್ಬೊಬ್ಬರ ಸ್ವಂತ ಅಂಗಳ. ಅಲ್ಲಿ ಯಾವ ರಂಗೋಲಿ ಹಾಕಬೇಕೆಂಬುದು ಅವರವರಿಗೆ ಬಿಟ್ಟದ್ದು. ಎಲ್ಲಾದರೂ ತೊಡಕಾದರೆ ಅದನ್ನು ಸರಿಪಡಿಸಬೇಕಾದವರು ಓದುವ ತಂತ್ರಾಂಶ ಮಾಡುವವರು, ಬರೆಯುವವರಲ್ಲ.

ಈ ಮೂರು ಮಾತುಗಳಲ್ಲಿ ಎರಡನೆಯದಕ್ಕೆ ನನ್ನ ತಕರಾರಿಲ್ಲ. ಮೂರನೆಯದು ಅರ್ಧ ನಿಜ. ಮೊದಲನೆಯದು ಮಾತ್ರ ಪೂರ್ತಿ ತಪ್ಪು, ಮತ್ತು ಉಳಿದೆರಡಕ್ಕೂ ಅದೇ ತಳಪಾಯ. ಕಣ್ಣಿಲ್ಲದವರಿಗೆ ಅಲಂಕಾರ ‘ಇಲ್ಲವಾಗುತ್ತದೆ’ ಎಂದು ಊಹಿಸಿರುವುದರಿಂದಲೇ ಅದು ನಿರುಪದ್ರವಿಯಾಗಿ ತೋರುತ್ತದೆ. ಆಗುವುದು ಇದಕ್ಕೆ ತೀರ ವಿರುದ್ಧ. ನೋಡುವವರ ಕಣ್ಣು ಅಲಂಕಾರದ ಮೇಲೆ ಜಾರಿಕೊಂಡು ವಿಷಯಕ್ಕೆ ಹೋಗಿಬಿಡುತ್ತದೆ. ಕೇಳುವವರ ಕಿವಿಗೆ ಹಾಗೆ ಜಾರಲು ಬರುವುದಿಲ್ಲ. ಸ್ಕ್ರೀನ್ ರೀಡರ್ ಪರದೆಯಲ್ಲಿರುವುದನ್ನು ಒಂದಾದ ಮೇಲೊಂದರಂತೆ ಉಚ್ಚರಿಸುತ್ತದೆ. ಹೂವಿಗೆ ಒಂದು ಹೆಸರಿದೆ, ನಕ್ಷತ್ರಕ್ಕೆ ಒಂದು ಹೆಸರಿದೆ, ಗೆರೆಗೂ ಒಂದು ಹೆಸರಿದೆ. ಆ ಹೆಸರುಗಳೆಲ್ಲ ವಿಷಯಕ್ಕಿಂತ ಮೊದಲೇ, ವಿಷಯದ ನಡುವೆಯೇ, ಅದೇ ದನಿಯಲ್ಲಿ, ಅದೇ ಒತ್ತಿನಲ್ಲಿ ಬಂದು ಬೀಳುತ್ತವೆ. ನೋಡುವವರಿಗೆ ಜಾಗ ಹಿಡಿಯುವ ಅಲಂಕಾರ ಕೇಳುವವರ ಹೊತ್ತನ್ನು ಹಿಡಿಯುತ್ತದೆ.

ಸ್ಕ್ರೀನ್ ರೀಡರ್ ಎಂದರೆ ಏನೆಂದು ಒಂದೆರಡು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್, ವಿಂಡೋಸ್ ಗಣಕಗಳಲ್ಲಿ ಜಾಸ್ ಮತ್ತು ಉಚಿತವಾಗಿ ಸಿಗುವ ಎನ್‌ವಿಡಿಎ, ಇವು ಹೆಚ್ಚು ಬಳಕೆಯಲ್ಲಿರುವವು. ಇವು ಸಾಮಾನ್ಯವಾಗಿ ಪರದೆಯನ್ನು ಕಣ್ಣಿನಂತೆ ‘ನೋಡಿ’ ಅಕ್ಷರ ಗುರುತಿಸುವುದಿಲ್ಲ. ಪರದೆಯ ಹಿಂದಿರುವ ಪಠ್ಯವನ್ನು, ಅಂದರೆ ಪ್ರತಿ ಅಕ್ಷರಕ್ಕೂ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ನಿಗದಿಯಾದ ಸಂಕೇತವನ್ನು ತೆಗೆದುಕೊಂಡು ದನಿಯಾಗಿ ಮಾರ್ಪಡಿಸುತ್ತವೆ. ನಮ್ಮ ಕಣ್ಣಿಗೆ ಬೀಳುವುದು ಆಕಾರ. ಸ್ಕ್ರೀನ್ ರೀಡರಿಗೆ ಸಿಗುವುದು ಸಂಕೇತ. ಗೊಂದಲವೆಲ್ಲ ಹುಟ್ಟುವುದು ಈ ಎರಡನ್ನೂ ಒಂದೇ ಎಂದುಕೊಳ್ಳುವುದರಿಂದ.

ಕನ್ನಡದವರಿಗೆ ಇದು ಹೊಸ ಪಾಠವಾಗಬೇಕಿಲ್ಲ. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ ಹಳೆಯ ಕಡತವನ್ನು ಆ ಫಾಂಟು ಇಲ್ಲದ ಗಣಕದಲ್ಲಿ ತೆರೆದವರೆಲ್ಲ ‘ಕನ್ನಡ’ ಎಂಬ ಪದ `PÀ£ÀßqÀ` ಎಂದು ಮೂಡಿದ್ದನ್ನು ಕಂಡಿರುತ್ತಾರೆ. ಅಲ್ಲಿ ಕನ್ನಡ ಇದ್ದದ್ದು ಆಕಾರದಲ್ಲಿ ಮಾತ್ರ. ಸಂಕೇತದಲ್ಲಿ ಇದ್ದದ್ದು ಇಂಗ್ಲಿಷಿನ ಪಿ, ಕ್ಯೂ, ತಲೆಯ ಮೇಲೆ ಗುರುತು ಹೊತ್ತ ಎ ಮುಂತಾದವು. ಅಂಥ ಕಡತ ಅಚ್ಚಿಗೆ ಚೆನ್ನಾಗಿತ್ತು, ಕಿವಿಗೆ ಏನೂ ಅಲ್ಲವಾಗಿತ್ತು. ಸಿಂಗಾರದ ಅಕ್ಷರಗಳಲ್ಲಿ ಹೆಸರು ಬರೆದುಕೊಳ್ಳುವಾಗ ಆಗುತ್ತಿರುವುದೂ ಇದೇ. ಆಪ್‌ಗಳು ಕೊಡುವ ಆ ಬಳುಕುವ ಅಕ್ಷರಗಳು ಫಾಂಟುಗಳಲ್ಲ. ಗಣಿತದ ಬರವಣಿಗೆಗೆಂದು 2001ರಲ್ಲಿ ಯೂನಿಕೋಡ್‌ಗೆ ಸೇರಿಸಿದ ಬೇರೆಯೇ ಅಕ್ಷರಗಳು ಅವು. ಗಣಿತದಲ್ಲಿ ದಪ್ಪ ‘ವಿ’ಗೂ ಸಾದಾ ‘ವಿ’ಗೂ ಅರ್ಥ ಬೇರೆಯಾಗಬಹುದು, ಹಾಗಾಗಿ ಒಂದೊಂದಕ್ಕೂ ಒಂದೊಂದು ಸಂಕೇತ, ಒಂದೊಂದು ಉದ್ದನೆಯ ಹೆಸರು. ಇದನ್ನು ಪರೀಕ್ಷಿಸುವುದು ಸುಲಭ. ವರ್ಡ್‌ನಲ್ಲಿ ದಪ್ಪ ಮಾಡಿದ ಪದವನ್ನು ನಕಲು ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿದರೆ ದಪ್ಪ ಮಾಯವಾಗಿ ಸಾದಾ ಪದ ಉಳಿಯುತ್ತದೆ, ಏಕೆಂದರೆ ದಪ್ಪವೆಂಬುದು ಅಕ್ಷರಕ್ಕೆ ತೊಡಿಸಿದ ಬಟ್ಟೆ. ಸಿಂಗಾರದ ಹೆಸರನ್ನು ಅಂಟಿಸಿ ನೋಡಿ, ಅದು ಹಾಗೇ ಬಳುಕುತ್ತಿರುತ್ತದೆ.

ಒಂದು ಪ್ರೊಫೈಲನ್ನು ಪೂರ್ತಿ ಬಿಡಿಸಿ ನೋಡಿದರೆ ವಾದ ಸ್ಪಷ್ಟವಾದೀತು. ಇಳಕಲ್ ಸೀರೆ ಮಾರುವ ಒಬ್ಬ ಯುವತಿ ತನ್ನ ಪುಟಕ್ಕೆ ಹೀಗೆ ಬರೆದುಕೊಂಡಿದ್ದಾಳೆ ಎಂದು ಕಲ್ಪಿಸಿಕೊಳ್ಳೋಣ. ಇದರಲ್ಲಿ ಒಂದು ಗೆರೆಯೂ ಅತಿಶಯವಲ್ಲ. ದಿನಕ್ಕೆ ಹತ್ತು ಕಣ್ಣಿಗೆ ಬೀಳುವಂಥದೇ.

```
𝓚𝓪𝓿𝔂𝓪 ✨🌸✨
━━━━━━━━
💛❤️ | ಕನಾ೯ಟಕ | ☕📷
👉 ಆರ್ಡರ್‌ಗೆ 👇👇👇
#ilkalsareelove
```

ಮೊದಲು ಹೆಸರು. ಕಣ್ಣಿಗೆ ಅದು ‘ಕಾವ್ಯ’. ಸಂಕೇತದಲ್ಲಿ ಅದರ ಮೊದಲ ಅಕ್ಷರದ ಹೆಸರು ‘ಮ್ಯಾಥಮ್ಯಾಟಿಕಲ್ ಬೋಲ್ಡ್ ಸ್ಕ್ರಿಪ್ಟ್ ಕ್ಯಾಪಿಟಲ್ ಕೆ’, ಎರಡನೆಯದು ‘ಮ್ಯಾಥಮ್ಯಾಟಿಕಲ್ ಬೋಲ್ಡ್ ಸ್ಕ್ರಿಪ್ಟ್ ಸ್ಮಾಲ್ ಎ’. ಹೀಗೆ ಅಕ್ಷರಕ್ಕೆ ಐದು ಪದ, ಐದು ಅಕ್ಷರಕ್ಕೆ 25 ಪದ. ನಿಮಿಷಕ್ಕೆ 150 ಪದದ ಸಾಧಾರಣ ವೇಗದಲ್ಲಿ ಓದಿದರೂ ಇದಕ್ಕೆ 10 ಸೆಕೆಂಡು ಬೇಕು, ಮತ್ತು ಅಷ್ಟೂ ಕೇಳಿದ ಮೇಲೆ ಕೆ, ಎ, ವಿ, ವೈ, ಎ ಎಂಬ ತುಣುಕುಗಳನ್ನು ಕೇಳುಗರೇ ಕೂಡಿಸಿ ಹೆಸರು ಮಾಡಿಕೊಳ್ಳಬೇಕು. ಎಲ್ಲ ಸ್ಕ್ರೀನ್ ರೀಡರುಗಳೂ ಹೀಗೆಯೇ ಓದುತ್ತವೆ ಎಂದು ನಾನು ಹೇಳುತ್ತಿಲ್ಲ. ಕೆಲವು ದನಿಗಳು ಬರಿಯ ಅಕ್ಷರಗಳನ್ನು ಬಿಡಿಬಿಡಿಯಾಗಿ ಹೇಳುತ್ತವೆ, ಕೆಲವು ಏನನ್ನೂ ಹೇಳದೆ ಮುಂದೆ ಸಾಗುತ್ತವೆ. ಮೂರರಲ್ಲಿ ಕೊನೆಯದೇ ಹೆಚ್ಚು ಕೆಟ್ಟದ್ದು: ಉದ್ದ ಓದಿದರೆ ಕಿರಿಕಿರಿಯಾದರೂ ಅಲ್ಲಿ ಏನೋ ಇದೆ ಎಂದು ತಿಳಿಯುತ್ತದೆ, ಮೌನವಾಗಿ ದಾಟಿದರೆ ಅಲ್ಲಿ ಹೆಸರಿತ್ತೆಂಬುದೇ ಗೊತ್ತಾಗುವುದಿಲ್ಲ. ಹೆಸರಿನ ಖಾನೆಗೆ ಇನ್ನೊಂದು ವಿಶೇಷವಿದೆ. ಬಯೋವನ್ನು ಪುಟಕ್ಕೆ ಬಂದವರು ಒಮ್ಮೆ ಕೇಳುತ್ತಾರೆ. ಹೆಸರು ಹಾಗಲ್ಲ, ಆಕೆ ಹಾಕುವ ಪ್ರತಿ ಪೋಸ್ಟಿನ ತಲೆಗೂ, ಬರೆಯುವ ಪ್ರತಿ ಕಾಮೆಂಟಿನ ಮೊದಲಿಗೂ ಅದು ಬರುತ್ತದೆ. ಒಂದು ಚರ್ಚೆಯಲ್ಲಿ ಆಕೆ ಆರು ಬಾರಿ ಉತ್ತರಿಸಿದರೆ ಆ ಹೆಸರು, ಅದರ ಹಿಂದಿನ ಹೊಳಪು, ಹೂವು, ಹೊಳಪು, ಎಲ್ಲವೂ ಆರು ಬಾರಿ.

ಎರಡನೆಯ ಸಾಲು ಗೆರೆ. ಅದನ್ನು ಎಂಟು ತುಂಡು ಸೇರಿಸಿ ಮಾಡಲಾಗಿದೆ. ಒಂದೊಂದು ತುಂಡಿನ ಯೂನಿಕೋಡ್ ಹೆಸರು ‘ಬಾಕ್ಸ್ ಡ್ರಾಯಿಂಗ್ಸ್ ಹೆವಿ ಹಾರಿಜಾಂಟಲ್’. ಇದನ್ನು ಎಷ್ಟರಮಟ್ಟಿಗೆ ಓದಬೇಕೆಂಬುದು ಬಳಕೆದಾರರ ಸೆಟ್ಟಿಂಗಿನ ಮೇಲಿದೆ. ಚಿಹ್ನೆಗಳನ್ನೆಲ್ಲ ಬಿಡು ಎಂದು ಹೊಂದಿಸಿಕೊಂಡರೆ ಗೆರೆಯಿಂದ ಪಾರಾಗಬಹುದು, ಆದರೆ ಬೇರೆ ಕಡೆ ಬೇಕಾದ ಚಿಹ್ನೆಗಳೂ ಅದರೊಂದಿಗೆ ಹೋಗಿಬಿಡುತ್ತವೆ. ಗೆರೆ ಮಾಡಬೇಕಿದ್ದ ಕೆಲಸ ವಿಂಗಡಣೆ. ಆ ಕೆಲಸವನ್ನು ಒಂದು ಪೂರ್ಣವಿರಾಮವೋ ಹೊಸ ಸಾಲೋ ಮಾಡುತ್ತದೆ. ಪೂರ್ಣವಿರಾಮ ಬಂದಲ್ಲಿ ಯಂತ್ರದ ದನಿ ತುಸು ನಿಲ್ಲುತ್ತದೆ, ಸ್ವರ ಇಳಿಯುತ್ತದೆ. ಕಿವಿಗೆ ಬೇಕಾದ ಗೆರೆ ಅದೇ.

ಮೂರನೆಯ ಸಾಲಿನಲ್ಲಿ ಎರಡು ಬಗೆಯ ಸಮಸ್ಯೆಗಳಿವೆ, ಎರಡೂ ನಮ್ಮವೇ. ಹಳದಿ ಹೃದಯ, ಕೆಂಪು ಹೃದಯ ಎಂಬ ಜೋಡಿ ಕನ್ನಡ ಬಾವುಟದ ಗುರುತು ಎಂಬುದು ನೋಡುವ ಕನ್ನಡಿಗರಿಗೆ ಒಂದು ಕ್ಷಣದಲ್ಲಿ ಹೊಳೆಯುತ್ತದೆ, ಏಕೆಂದರೆ ಅಲ್ಲಿ ಅರ್ಥ ಹುಟ್ಟುವುದು ಎರಡು ಬಣ್ಣ ಪಕ್ಕಪಕ್ಕ ಕೂತಿರುವುದರಿಂದ. ಕಿವಿಗೆ ಬೀಳುವುದು ‘ಹಳದಿ ಹೃದಯ ಕೆಂಪು ಹೃದಯ’. ಕನ್ನಡದ ಕೇಳುಗರು ಇದನ್ನು ಬಾವುಟವೆಂದು ಗ್ರಹಿಸಬಲ್ಲರು, ಅವರೇನು ಕಡಿಮೆ ಕನ್ನಡಿಗರಲ್ಲ. ಆದರೆ ಗ್ರಹಿಸಲು ಪಕ್ಕದಲ್ಲಿ ‘ಕರ್ನಾಟಕ’ ಎಂಬ ಪದವಾದರೂ ಸರಿಯಾಗಿ ಕೇಳಿಸಬೇಕು. ಅದೇ ಇಲ್ಲಿ ಕೈಕೊಡುತ್ತದೆ. ಆಕೆ ಬರೆದಿರುವುದು `ಕನಾ೯ಟಕ`. ಅರ್ಕಾವತ್ತಿನ ಜಾಗದಲ್ಲಿ ಕನ್ನಡದ ಅಂಕಿ ಒಂಬತ್ತನ್ನು ಹಾಕಿದ್ದಾಳೆ. ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ ಆಕಾರವಾದ್ದರಿಂದ ಓದುವವರು ಯಾರೂ ಎಡವುವುದಿಲ್ಲ. ಸ್ಕ್ರೀನ್ ರೀಡರಿಗೆ ಮಾತ್ರ ಅದು ‘ಕನಾ’, ಒಂಬತ್ತು, ‘ಟಕ’ ಎಂಬ ಮೂರು ಚೂರು. ಇದೇ ಜಾತಿಯ ಇನ್ನೊಂದು ತಪ್ಪು ಸೊನ್ನೆಯದು: ಅನುಸ್ವಾರ `ಂ` ಹಾಕಬೇಕಾದ ಕಡೆ ಅಂಕಿ `೦` ಹಾಕಿ `ಬೆ೦ಗಳೂರು` ಎಂದು ಬರೆಯುವುದು. ಈ ಎರಡನ್ನೂ ಅಲಂಕಾರವೆಂದು ಯಾರೂ ಮಾಡುವುದಿಲ್ಲ, ಕೀಲಿಮಣೆಯಲ್ಲಿ ಸರಿಯಾದ ಅಕ್ಷರ ಸಿಗದೆ ಹೇಗೋ ಹೊಂದಿಸಿಕೊಂಡದ್ದು ರೂಢಿಯಾಗಿಬಿಟ್ಟಿದೆ. ಆದರೆ ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇರಿಲ್ಲ. ಕಣ್ಣಿಗೆ ಒಂದಿಷ್ಟೂ ವ್ಯತ್ಯಾಸವಾಗದ ಕಡೆಯಲ್ಲೂ ಕಿವಿಗೆ ಊರಿನ ಹೆಸರೇ ಮುರಿದುಬೀಳಬಹುದು ಎಂದಮೇಲೆ ‘ವಿಷಯ ಹೇಗೂ ತಲುಪುತ್ತದೆ’ ಎಂಬ ಮಾತು ನಿಲ್ಲುವುದಿಲ್ಲ. ಸರಿಪಡಿಸುವ ದಾರಿ: ಯಾವ ವ್ಯಂಜನದ ಪಕ್ಕದಲ್ಲಿ ಅರ್ಕಾವತ್ತು ಕಾಣಬೇಕೋ ಅದಕ್ಕೆ ಮೊದಲು ‘ರ’, ಅದರ ಮುಂದೆ ಹಲಂತದ ಗುರುತು, ಆಮೇಲೆ ಆ ವ್ಯಂಜನ. ಕ, ರ, ಹಲಂತ, ನ, ದೀರ್ಘ, ಟ, ಕ ಎಂದು ಒತ್ತಿದರೆ ಅರ್ಕಾವತ್ತು ತಾನಾಗಿಯೇ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ.

ನಾಲ್ಕನೆಯ ಸಾಲಿನ ಬೆರಳುಗಳು ಬರಹದೊಳಗಿನ ಸನ್ನೆ. ‘ಆರ್ಡರ್‌ಗೆ’ ಎಂದಾದ ಮೇಲೆ ಮಾತು ನಿಂತುಹೋಗಿ ‘ಕೆಳಗೆ ತೋರುವ ಬೆರಳು’ ಎಂದು ಮೂರು ಸಲ ಕೇಳಿಸುತ್ತದೆ. ಆರ್ಡರ್‌ಗೆ ಏನು ಮಾಡಬೇಕು? ಕರೆ ಮಾಡಬೇಕೇ, ಸಂದೇಶ ಕಳಿಸಬೇಕೇ, ಲಿಂಕ್ ಒತ್ತಬೇಕೇ? ವಾಕ್ಯದ ಕ್ರಿಯಾಪದವನ್ನೇ ಇಮೋಜಿಗೆ ವಹಿಸಿಬಿಟ್ಟಿದ್ದಾಳೆ. ಕೊನೆಯ ಸಾಲಿನ ಹ್ಯಾಶ್‌ಟ್ಯಾಗ್ ಪೂರ್ತಿ ಸಣ್ಣಕ್ಷರದಲ್ಲಿದೆ. ಮೂರು ಪದಗಳು ಎಲ್ಲಿ ಕೂಡಿವೆಯೆಂದು ದನಿಗೆ ತಿಳಿಯದೆ ಒಂದೇ ಉಸಿರಿನಲ್ಲಿ ಏನೋ ಒಂದನ್ನು ಉಚ್ಚರಿಸುತ್ತದೆ. `#IlkalSareeLove` ಎಂದು ಪ್ರತಿ ಪದದ ಮೊದಲಕ್ಷರವನ್ನು ದೊಡ್ಡದು ಮಾಡಿದರೆ ಪದಗಳು ಬಿಡಿಬಿಡಿಯಾಗಿ ಕೇಳುತ್ತವೆ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬುದಿಲ್ಲವಾದ್ದರಿಂದ ನಡುವೆ ಅಡಿಗೆರೆ ಹಾಕಬೇಕು. ಆದರೆ ಈ ಪ್ರೊಫೈಲಿನ ನಿಜವಾದ ದೋಷ ಇದ್ಯಾವುದೂ ಅಲ್ಲ. ಈಕೆ ಸೀರೆ ಮಾರುತ್ತಾಳೆ ಎಂಬ ಮುಖ್ಯ ಸಂಗತಿ ಆ ಹ್ಯಾಶ್‌ಟ್ಯಾಗಿನ ಹೊರತು ಎಲ್ಲೂ ಪದವಾಗಿ ಇಲ್ಲವೇ ಇಲ್ಲ. ಅದು ಪುಟದ ಚಿತ್ರಗಳಲ್ಲಿದೆ. ಅಲಂಕಾರ ಹೆಚ್ಚುವರಿ, ವಿಷಯ ಬೇರೆ ಎಂದು ಹೊರಟವರು ವಿಷಯವನ್ನು ಅಲಂಕಾರದೊಳಗೇ ಅಡಗಿಸಿಟ್ಟಿರುತ್ತಾರೆ.

ಈಗ ಇದನ್ನೇ ಹೀಗೆ ಬರೆಯಬಹುದು:

```
ಕಾವ್ಯ Kavya
ಇಳಕಲ್ ಸೀರೆ, ನೇಕಾರರಿಂದ ನೇರವಾಗಿ. ಬಾಗಲಕೋಟೆ ಜಿಲ್ಲೆ, ಕರ್ನಾಟಕ.
ಆರ್ಡರ್‌ಗೆ ಸಂದೇಶ ಕಳಿಸಿ.
#IlkalSaree #ಇಳಕಲ್_ಸೀರೆ 💛❤️
```

ಇನ್‌ಸ್ಟಾಗ್ರಾಮಿನ ಬಯೋಗೆ 150 ಅಕ್ಷರಗಳ, ಎಕ್ಸ್‌ನದಕ್ಕೆ 160 ಅಕ್ಷರಗಳ ಮಿತಿಯಿದೆ. ಇದು ಅದರೊಳಗೆ ಹಿಡಿಯುತ್ತದೆ. ಹೆಸರನ್ನು ಎರಡು ಲಿಪಿಯಲ್ಲಿ ಕೊಟ್ಟಿರುವುದಕ್ಕೆ ಕಾರಣವಿದೆ. ಕನ್ನಡ ಲಿಪಿಗೆ ಯೂನಿಕೋಡ್‌ನಲ್ಲಿ ಗಣಿತದ ಬಳ್ಳಿಯಕ್ಷರಗಳ ಇನ್ನೊಂದು ನಕಲು ಇಲ್ಲ, ಹಾಗಾಗಿ ಕನ್ನಡದಲ್ಲಿ ಬರೆದ ಹೆಸರನ್ನು ಈ ರೀತಿ ಕೆಡಿಸಲು ಸಾಧ್ಯವೇ ಇಲ್ಲ, ಕನ್ನಡದ ದನಿ ಅದನ್ನು ಸರಿಯಾಗಿಯೇ ಉಚ್ಚರಿಸುತ್ತದೆ. ಆದರೆ ಫೋನಿನಲ್ಲಿ ಬರಿಯ ಇಂಗ್ಲಿಷ್ ದನಿ ಇಟ್ಟುಕೊಂಡವರಿಗೆ ಕನ್ನಡ ಲಿಪಿ ಕೇಳಿಸದೇ ಹೋಗಬಹುದು. ಅವರಿಗಾಗಿ ಪಕ್ಕದಲ್ಲಿ ಸಾದಾ ಇಂಗ್ಲಿಷ್ ಅಕ್ಷರ. ಬಾವುಟದ ಹೃದಯಗಳನ್ನು ತೆಗೆದಿಲ್ಲ, ಕೊನೆಗೆ ಸರಿಸಿದೆ. ಅಷ್ಟೊತ್ತಿಗೆ ವಿಷಯವೆಲ್ಲ ಕೇಳಿಯಾಗಿರುತ್ತದೆ, ಬೇಡವೆನಿಸಿದವರು ಅಲ್ಲಿಂದ ಮುಂದೆ ಸಾಗಬಹುದು. ದೃಷ್ಟಿಯಿಲ್ಲದವರೂ ತಮ್ಮ ಸಂದೇಶಗಳಲ್ಲಿ ಇಮೋಜಿ ಬಳಸುತ್ತಾರೆ, ಅದರ ಸೊಗಸು ಅವರಿಗೂ ಬೇಕು. ಹಾಗಾಗಿ ಇಮೋಜಿ ಎಷ್ಟಿರಬೇಕೆಂಬ ಲೆಕ್ಕಕ್ಕಿಂತ ಈ ಮೂರು ಪ್ರಶ್ನೆಗಳು ಉಪಯುಕ್ತ:

1. ಈ ಚಿಹ್ನೆ ಯಾವುದಾದರೂ ಪದದ ಬದಲಿಗೆ ನಿಂತಿದೆಯೇ? ನಿಂತಿದ್ದರೆ ಪದವನ್ನೇ ಬರೆಯಬೇಕು, ಚಿಹ್ನೆ ಅದರ ಜೊತೆಗಿರಲಿ.

2. ವಾಕ್ಯದ ನಡುವೆ ಇದೆಯೇ, ಕೊನೆಗೆ ಇದೆಯೇ? ನಡುವೆ ಇರುವ ಒಂದು ಕೊನೆಯಲ್ಲಿರುವ ಮೂರಕ್ಕಿಂತ ಹೆಚ್ಚು ತೊಡಕು ಮಾಡುತ್ತದೆ.

3. ಒಂದನ್ನೇ ಮತ್ತೆ ಮತ್ತೆ ಹಾಕಿದೆಯೇ? ಐದು ನಗುಮುಖಗಳಿಂದ ಕಣ್ಣಿಗೆ ನಗು ಹೆಚ್ಚಾಗಿ ಕಾಣಬಹುದು, ಕಿವಿಗೆ ಅದೇ ಹೆಸರು ಐದು ಸಲ.

ಚಿತ್ರಗಳ ಮಾತು ಬೇರೆಯೇ ಬಗೆಯದು. ಅಕ್ಷರಕ್ಕೆ ತಪ್ಪಾದರೂ ಒಂದು ಸಂಕೇತ ಇರುತ್ತದೆ; ಚಿತ್ರದಲ್ಲಿ ಸ್ಕ್ರೀನ್ ರೀಡರ್ ಹಿಡಿದುಕೊಳ್ಳಬಹುದಾದ ಅಂಥ ಸಂಕೇತ ಇಲ್ಲ. ಅದಕ್ಕಾಗಿಯೇ ಚಿತ್ರಕ್ಕೆ ಅಂಟಿಸುವ ವಿವರಣೆ, ಆಲ್ಟ್ ಟೆಕ್ಸ್ಟ್, ಬಳಕೆಗೆ ಬಂದದ್ದು. ಪ್ರೊಫೈಲಿನ ಮುಖಚಿತ್ರಕ್ಕೆ ಬಹಳ ಕಡೆ ಇದನ್ನು ಬರೆಯುವ ಅವಕಾಶವಿಲ್ಲ, ‘ಇಂಥವರ ಪ್ರೊಫೈಲ್ ಚಿತ್ರ’ ಎಂದಷ್ಟೇ ಕೇಳಿಸುತ್ತದೆ. ಚಿತ್ರದಲ್ಲಿರುವುದು ಬರಿ ಮುಖವಾದರೆ ಅಷ್ಟು ಸಾಕು. ಅಂಗಡಿಯ ಹೆಸರೋ ಲಾಂಛನವೋ ಇದ್ದರೆ ಅದು ಬಯೋದಲ್ಲಿ ಪದವಾಗಿ ಬರಲೇಬೇಕು. ಪೋಸ್ಟುಗಳ ಚಿತ್ರಕ್ಕೆ ಮಾತ್ರ ಹಲವೆಡೆ ಅವಕಾಶವಿದೆ, ಮತ್ತು ಅಲ್ಲಿ ಬರೆಯುವವರು ಸಾಮಾನ್ಯವಾಗಿ ಎರಡು ಕೊನೆಗಳಲ್ಲಿ ಒಂದಕ್ಕೆ ಹೋಗುತ್ತಾರೆ. ‘ಸೀರೆಯ ಚಿತ್ರ’ ಎಂದು ಬಿಡುವುದು ಒಂದು. ಚಿತ್ರವೆಂಬುದನ್ನು ಸ್ಕ್ರೀನ್ ರೀಡರೇ ಮೊದಲು ಹೇಳಿರುತ್ತದೆ. ಸೀರೆಯೆಂಬುದು ಪುಟಕ್ಕೆ ಬಂದವರಿಗೆ ಗೊತ್ತಿದೆ. ಆದ್ದರಿಂದ ಈ ಎರಡು ಪದಗಳು ಏನನ್ನೂ ಕೊಡಲಿಲ್ಲ. ಇನ್ನೊಂದು, ಹಿಂದಿನ ಗೋಡೆ, ಪಕ್ಕದ ಕುಂಡ, ಮೇಲಿನ ಬೆಳಕು ಎಲ್ಲವನ್ನೂ ಪಟ್ಟಿ ಮಾಡುವುದು. ಫೋನಿನಲ್ಲಿ ವಿಚಾರಿಸಿದ ಗಿರಾಕಿಗೆ ಈ ಸೀರೆಯ ಬಗ್ಗೆ ಏನು ಹೇಳುತ್ತೀರೋ ಅದನ್ನೇ ಬರೆಯುವುದು ಇವೆರಡಕ್ಕಿಂತ ಮೇಲು. ಉದಾಹರಣೆಗೆ: ‘ಕಡುಹಸಿರು ಒಡಲು, ಕೆಂಪು ಅಂಚು, ಕೆಂಪು ಸೆರಗು. ಸೆರಗಿನಲ್ಲಿ ಬಿಳಿ ಗೋಪುರಗಳಂಥ ತೋಪ್ ತೆನಿ ಸಾಲು. ಒಡಲು ಹತ್ತಿ, ಸೆರಗು ರೇಷ್ಮೆ.’ ಇಳಕಲ್ ಸೀರೆ ಕೊಳ್ಳುವವರು ಕೇಳುವುದು ಇಷ್ಟನ್ನೇ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ: ಕಣ್ಣು ಕಾಣದವರಿಗೆ ಹಸಿರು, ಕೆಂಪು ಎಂದು ಹೇಳಿ ಏನು ಪ್ರಯೋಜನ? ಕೇಳುವವರಿಗೆ ಇದು ಕಳಕಳಿಯ ಪ್ರಶ್ನೆಯೆನಿಸಬಹುದು, ಆದರೆ ಇದರ ಹಿಂದೆ ಒಂದು ತಪ್ಪು ಚಿತ್ರವಿದೆ. ಸ್ಕ್ರೀನ್ ರೀಡರ್ ಬಳಸುವವರಲ್ಲಿ ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರಿದ್ದಾರೆ, ಮಸುಕಾಗಿ ಕಾಣುವವರಿದ್ದಾರೆ; ಅವರಿಗೆ ಬಣ್ಣ ನೆನಪಿದೆ, ಕೆಲವರಿಗೆ ಕಾಣುತ್ತಲೂ ಇದೆ. ಹುಟ್ಟಿನಿಂದ ಕಾಣದವರಿಗೂ ಬಣ್ಣದ ಸಾಮಾಜಿಕ ಅರ್ಥ ಚೆನ್ನಾಗಿ ಗೊತ್ತು. ಮದುವೆಗೆ ಯಾವ ಬಣ್ಣ ಉಡಬೇಕು, ಅಕ್ಕನಿಗೆ ಯಾವ ಬಣ್ಣ ಒಪ್ಪುತ್ತದೆ, ಈಗಾಗಲೇ ಮನೆಯಲ್ಲಿ ಯಾವುದಿದೆ ಎಂಬುದೆಲ್ಲ ಗೊತ್ತಿದ್ದೇ ಅವರು ಸೀರೆ ಕೊಳ್ಳುವುದು. ಬಣ್ಣ ಹೇಳದೆ ಬಿಟ್ಟರೆ ಆ ಆಯ್ಕೆಯನ್ನು ಅವರಿಂದ ಕಿತ್ತುಕೊಂಡ ಹಾಗೆ. ಇನ್ನೊಂದು ಎಚ್ಚರಿಕೆ ಪೋಸ್ಟರುಗಳ ಬಗ್ಗೆ. ಬೆಲೆ, ಫೋನ್ ನಂಬರ್, ಮಾರಾಟದ ದಿನಾಂಕ ಎಲ್ಲವನ್ನೂ ಬಣ್ಣದ ಚಿತ್ರದೊಳಗೆ ಬರೆದು ಹಾಕುವುದು ರೂಢಿ. ಆ ಬರಹವನ್ನು ಆಲ್ಟ್ ಟೆಕ್ಸ್ಟಿನಲ್ಲಿ ಸೇರಿಸಿದರೆ ಕೇಳಿಸುತ್ತದೆ ನಿಜ, ಆದರೆ ಅಲ್ಲಿಂದ ನಂಬರನ್ನು ನಕಲು ಮಾಡಿಕೊಳ್ಳುವುದು ಕಷ್ಟ. ನಂಬರು, ಬೆಲೆ, ದಿನಾಂಕ ಪೋಸ್ಟಿನ ಬರಹದಲ್ಲೇ ಇರಬೇಕು, ಆಲ್ಟ್ ಟೆಕ್ಸ್ಟಿನಲ್ಲಿ ಚಿತ್ರ ಏನೆಂದು ಹೇಳಿದರೆ ಸಾಕು. ಕೆಲವು ತಾಣಗಳು ಚಿತ್ರಕ್ಕೆ ತಾವೇ ವಿವರಣೆ ಹೊಂದಿಸಿಕೊಡುತ್ತವೆ. ಅದು ‘ಬಟ್ಟೆ ಇರಬಹುದು’ ಎಂಬಲ್ಲಿಗೆ ನಿಂತರೆ ಸೀರೆ ಮಾರುವವರಿಗೂ ಕೊಳ್ಳುವವರಿಗೂ ಉಪಯೋಗವಿಲ್ಲ. ಈ ಚಿತ್ರವನ್ನು ಯಾಕೆ ಹಾಕಿದಿರಿ ಎಂಬುದು ನಿಮಗೆ ಮಾತ್ರ ಗೊತ್ತು.

ಈಗ ತಂತ್ರಾಂಶದವರೇ ಸರಿಪಡಿಸಲಿ ಎಂಬ ವಾದಕ್ಕೆ ಬರೋಣ. ಅದರಲ್ಲಿ ಹುರುಳಿದೆ ಎಂದು ಮೊದಲೇ ಒಪ್ಪಿದ್ದೇನೆ. ಎನ್‌ವಿಡಿಎ 2024ರಲ್ಲಿ ಇಂಥದೊಂದು ಅನುಕೂಲ ಸೇರಿಸಿತು. ಅದನ್ನು ಆನ್ ಮಾಡಿಕೊಂಡರೆ ಗಣಿತದ ಬಳ್ಳಿಯಕ್ಷರಗಳನ್ನು ಸಾದಾ ಅಕ್ಷರಕ್ಕೆ ಇಳಿಸಿ ಓದುತ್ತದೆ, ‘ಕಾವ್ಯ’ ಒಂದು ಪದವಾಗಿ ಕೇಳುತ್ತದೆ. ಇದು ಒಳ್ಳೆಯ ಕೆಲಸ. ಆದರೆ ಇದರ ಮಿತಿ ಎಲ್ಲಿದೆಯೆಂದು ನೋಡಬೇಕು. ಇಂಥ ಇಳಿಕೆ ಸಾಧ್ಯವಾಗುವುದು ‘ಇದು ಇಂಥ ಸಾದಾ ಅಕ್ಷರದ ರೂಪಾಂತರ’ ಎಂದು ಯೂನಿಕೋಡೇ ಸಂಬಂಧ ಹೇಳಿರುವ ಅಕ್ಷರಗಳಿಗೆ ಮಾತ್ರ. `ᴋᴀᴠʏᴀ` ಎಂಬಂಥ ಕುಳ್ಳ ದೊಡ್ಡಕ್ಷರಗಳು ಧ್ವನಿಶಾಸ್ತ್ರದ ಲಿಪಿಯಿಂದ ಎರವಲು ತಂದವು, ಅವುಗಳಿಗೆ ಅಂಥ ಸಂಬಂಧವಿಲ್ಲ. ಕಪ್ಪು ಚೌಕದೊಳಗಿನ ಅಕ್ಷರಗಳಿಗೂ ಇಲ್ಲ. ಅರ್ಕಾವತ್ತಿನ ಜಾಗದ ಒಂಬತ್ತಂತೂ ನಿಜವಾಗಿಯೂ ಒಂಬತ್ತೇ. ಅದನ್ನು ಯಂತ್ರ ತಾನೇ ತಿದ್ದತೊಡಗಿದರೆ ನಿಜವಾದ ಒಂಬತ್ತುಗಳ ಗತಿಯೇನು? ಗಣಿತದ ಅಕ್ಷರಗಳನ್ನು ಯಾವಾಗಲೂ ಸಾದಾ ಮಾಡಿಬಿಡಿ ಎನ್ನುವವರಿಗೂ ಇದೇ ಉತ್ತರ. ದೃಷ್ಟಿಯಿಲ್ಲದ ಗಣಿತದ ವಿದ್ಯಾರ್ಥಿಗೆ ದಪ್ಪ ‘ವಿ’ ಮತ್ತು ಸಾದಾ ‘ವಿ’ ಬೇರೆಯೆಂದು ಕೇಳಿಸಲೇಬೇಕು. ಒಬ್ಬರ ಅಲಂಕಾರವನ್ನು ಸಹಿಸಲು ಯಂತ್ರಕ್ಕೆ ಕಿವುಡು ಕಲಿಸಿದರೆ ಇನ್ನೊಬ್ಬರ ಪಾಠ ಕೆಡುತ್ತದೆ. ಯಂತ್ರ ಸುಧಾರಿಸಿದರೂ ಸೆಟ್ಟಿಂಗ್ ಹುಡುಕಿ ಆನ್ ಮಾಡುವ ಕೆಲಸ, ಹೊಸ ಆವೃತ್ತಿ ಹಾಕಿಕೊಳ್ಳುವ ಕೆಲಸ ಕೇಳುವವರ ಮೇಲೇ ಬೀಳುತ್ತದೆ. ಬರೆಯುವವರ ಬದಿಯಲ್ಲಿ ಇದೇ ಕೆಲಸ ಐದು ಅಕ್ಷರ ಮತ್ತೆ ಟೈಪಿಸುವಷ್ಟು.

ಇನ್ನು ಸ್ವಂತ ಅಂಗಳದ ವಾದ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಸರ್ಕಾರಕ್ಕೂ ಸಂಸ್ಥೆಗಳಿಗೂ ಹೊಣೆ ಹೊರಿಸುತ್ತದೆ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಡಿಜಿಟಲ್ ಸೇವೆಗಳನ್ನು ಎಟುಕಿಸಿಕೊಳ್ಳುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಹೇಳಿತು. ಆದರೆ ಒಬ್ಬ ವ್ಯಕ್ತಿ ತನ್ನ ಹೆಸರಿನ ಪಕ್ಕ ಹೂವು ಹಾಕಿಕೊಳ್ಳಬಾರದು ಎಂದು ಇವುಗಳಲ್ಲಿ ಯಾವುದೂ ಹೇಳುವುದಿಲ್ಲ, ಹೇಳಲೂಬಾರದು. ಅಂಗಳ ನಿಮ್ಮದೇ. ನನ್ನ ವಾದ ಇಷ್ಟೇ: ಪ್ರೊಫೈಲನ್ನು ನಾವು ಬರೆಯುವುದು ನಮಗಾಗಿ ಅಲ್ಲ, ನಮ್ಮ ಪರಿಚಯವಿಲ್ಲದವರಿಗಾಗಿ. ಯಾರು ಬರುತ್ತಾರೆಂದು ಗೊತ್ತಿಲ್ಲದ್ದರಿಂದಲೇ ‘ನನ್ನ ಪುಟಕ್ಕೆ ಕಣ್ಣು ಕಾಣದವರು ಬರುವುದಿಲ್ಲ’ ಎಂದು ಯಾರೂ ಖಚಿತವಾಗಿ ಹೇಳಲಾರರು. ಬಂದವರು ಮೊದಲ ಹತ್ತು ಸೆಕೆಂಡು ಗಣಿತದ ಪದಗಳನ್ನೇ ಕೇಳಿ ಹೊರಟುಹೋದರೆ ಅವರು ಬಂದಿದ್ದರೆಂಬುದೂ ತಿಳಿಯುವುದಿಲ್ಲ. ಅವರು ಬರುವುದೇ ಇಲ್ಲ ಎಂಬುದಕ್ಕೆ ಅವರ ಗೈರುಹಾಜರಿಯನ್ನೇ ಪುರಾವೆ ಮಾಡುವುದು ತರ್ಕವಲ್ಲ. ಸರಳವಾಗಿ ಬರೆದರೆ ವ್ಯಕ್ತಿತ್ವ ಮಾಯವಾಗುತ್ತದೆ ಎಂಬ ಅಳುಕಿಗೂ ನೆಲೆಯಿಲ್ಲ. ‘ನೇಕಾರರಿಂದ ನೇರವಾಗಿ’ ಎಂಬ ಎರಡು ಪದಗಳು ಆಕೆಯ ಬಗ್ಗೆ ಹೇಳುವಷ್ಟನ್ನು ಯಾವ ಬಳ್ಳಿಯಕ್ಷರವೂ ಹೇಳದು.

ಈ ಲೇಖನದ ಮಾತನ್ನು ನಂಬಬೇಕಿಲ್ಲ, ಪರೀಕ್ಷಿಸಿ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗಕ್ಕೆ ಹೋದರೆ ಟಾಕ್‌ಬ್ಯಾಕ್ ಸಿಗುತ್ತದೆ. ಐಫೋನಿನಲ್ಲಿ ಅದೇ ವಿಭಾಗದಲ್ಲಿ ವಾಯ್ಸ್‌ಓವರ್ ಇದೆ. ಆನ್ ಮಾಡುವ ಮೊದಲು ಒಂದು ವಿಷಯ ತಿಳಿದಿರಲಿ: ಆನ್ ಆದ ಮೇಲೆ ಒಂದು ಸಲ ಮುಟ್ಟಿದರೆ ಓದುತ್ತದೆ, ಒತ್ತಲು ಎರಡು ಸಲ ತಟ್ಟಬೇಕು, ಪುಟ ಸರಿಸಲು ಟಾಕ್‌ಬ್ಯಾಕಿನಲ್ಲಿ ಎರಡು ಬೆರಳು, ವಾಯ್ಸ್‌ಓವರಿನಲ್ಲಿ ಮೂರು ಬೆರಳು ಬೇಕು. ಆಫ್ ಮಾಡುವುದೂ ಹಾಗೆಯೇ. ಆಮೇಲೆ ನಿಮ್ಮ ಪುಟ ತೆರೆದು, ಪರದೆಯನ್ನು ನೋಡದೆ, ಹೆಸರಿನಿಂದ ಕೊನೆಯವರೆಗೆ ಕೇಳಿ. ಎಲ್ಲವನ್ನೂ ಒಮ್ಮೆಲೇ ತಿದ್ದಲು ಪುರುಸೊತ್ತಿಲ್ಲದಿದ್ದರೆ ಹೆಸರಿನ ಖಾನೆಯೊಂದನ್ನು ಇವತ್ತೇ ಸರಿಮಾಡಿ. ಮತ್ತೆ ಮತ್ತೆ ಕೇಳಿಸುವುದು ಅದು.